ಪತ್ರ ಬರೆಯುವ ಮುನ್ನ ನಾಲ್ಕು ಹೊಸ್ತಿಲು

ಕಳೆದ ವರ್ಷ ಏಳನೇ ತರಗತಿಯ ಪೋಷಕರಿಗೆ ನಾವು ಕಳುಹಿಸಿದ ಪತ್ರದಲ್ಲಿ ಇದ್ದದ್ದು ಎರಡೇ ಸಾಲು: ವಿವಿಧ ಧರ್ಮಗಳ ಪೂಜಾ ಸ್ಥಳಗಳಿಗೆ ಭೇಟಿ, ಬಸ್ ಶುಲ್ಕ ಇಷ್ಟು. ಹೊರಡುವ ಹಿಂದಿನ ರಾತ್ರಿ ಒಬ್ಬ ತಾಯಿ ಫೋನ್ ಮಾಡಿ, "ನನ್ನ ಮಗನಿಂದ ಅಲ್ಲಿ ಪ್ರಾರ್ಥನೆ ಮಾಡಿಸುತ್ತೀರಾ?" ಎಂದು ಕೇಳಿದರು. ನನ್ನಲ್ಲಿ ಸ್ಪಷ್ಟ ಉತ್ತರವಿರಲಿಲ್ಲ. ಆದ್ದರಿಂದ ಈ ವರ್ಷ ಪತ್ರ ಬರೆಯುವ ಮೊದಲು ನಾನೂ ಹಿಂದಿ ಕಲಿಸುವ ಮೇಡಂ ಅವರೂ ಒಂದು ಶನಿವಾರ ಆ ದಾರಿಯನ್ನು ತುಳಿದು ಬಂದೆವು.

ಬೆಳಿಗ್ಗೆ ಹಲಸೂರು ಮೆಟ್ರೊ ನಿಲ್ದಾಣದಲ್ಲಿ ಇಳಿದು ಸೋಮೇಶ್ವರ ದೇವಸ್ಥಾನಕ್ಕೆ ನಡೆದೆವು. ಗೋಡೆಯ ಮೇಲಿನ ಗಿರಿಜಾ ಕಲ್ಯಾಣದ ಶಿಲ್ಪದ ಮುಂದೆಯೇ ಮಕ್ಕಳು ಅರ್ಧ ಗಂಟೆ ನಿಲ್ಲಬಹುದು. ಒಳಗೆ ಮಂಗಳಾರತಿ ತಟ್ಟೆ ನಮ್ಮತ್ತ ಬಂದಾಗ ಮೇಡಂ ನನ್ನ ಮುಖ ನೋಡಿದರು. ನಲವತ್ತು ಮಕ್ಕಳ ಮುಂದೆ ಆ ತಟ್ಟೆ ಬಂದರೆ? ಆರತಿ, ತೀರ್ಥ, ಕುಂಕುಮ ಯಾವುದೂ ಕಡ್ಡಾಯವಲ್ಲ, ಬೇಡವಾದವರು ಕೈಕಟ್ಟಿ ಹಿಂದೆ ನಿಲ್ಲಬಹುದು ಎಂದು ಅಲ್ಲಿಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಟ್ಟಿನ ವಿಷಯಕ್ಕೂ ಒಂದು ಸಾಲು ಸೇರಿಸಿದೆ: ಯಾವ ಹುಡುಗಿಯನ್ನೂ ಏನನ್ನೂ ಕೇಳುವುದಿಲ್ಲ, ಒಳಗೆ ಬರಲು ಮನಸ್ಸಿಲ್ಲದವರು ಕಾರಣ ಹೇಳದೆ ಅಂಗಳದಲ್ಲಿ ಮೇಡಂ ಜೊತೆ ಇರಬಹುದು.

ಆಟೊ ಹಿಡಿದು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಕ್ಕೆ ಹೋದೆವು. ಈಗಿರುವ ಗೋಥಿಕ್ ಶೈಲಿಯ ಕಟ್ಟಡ 1882ರದು. ಸೀರೆ ಉಡಿಸಿದ ಮಾತೆಯ ಮುಂದೆ ಎಲ್ಲ ಧರ್ಮದವರೂ ಮೇಣದಬತ್ತಿ ಹಿಡಿದು ನಿಂತಿರುತ್ತಾರೆ. ಅಲ್ಲಿ ಎಚ್ಚರ ವಹಿಸಬೇಕಾದದ್ದು ಒಂದೇ. ಚರ್ಚಿನ ಸಾಮೂಹಿಕ ಆರಾಧನೆಯಾದ ಬಲಿಪೂಜೆ ನಡೆಯುತ್ತಿದ್ದರೆ, ಪರಮ ಪ್ರಸಾದಕ್ಕೆ ಸಾಲು ನಿಂತಾಗ ಮಕ್ಕಳು ಅದನ್ನು ದೇವಸ್ಥಾನದ ಪ್ರಸಾದದಂತೆಯೇ ಎಂದುಕೊಂಡು ಸಾಲಿಗೆ ಸೇರಿಬಿಡುತ್ತಾರೆ. ಅದು ದೀಕ್ಷಾಸ್ನಾನ ಪಡೆದು, ಮೊದಲ ಪರಮ ಪ್ರಸಾದ ಸ್ವೀಕರಿಸಿದ ಕಥೊಲಿಕರಿಗೆ ಮಾತ್ರ. ಪೂಜೆಯಿಲ್ಲದ ಹೊತ್ತಿಗೆ ಹೋಗುವುದೆಂದು ನಿರ್ಧರಿಸಿದೆವು.

ಮಧ್ಯಾಹ್ನದ ಹೊತ್ತಿಗೆ ಹಲಸೂರು ಕೆರೆಯ ಬಳಿಯ ಗುರುದ್ವಾರ. ಅತಿ ಹೆಚ್ಚು ತಿದ್ದುಪಡಿ ಆದದ್ದು ಇಲ್ಲಿ. ತಲೆ ಮುಚ್ಚಿಕೊಳ್ಳಲು ಕರವಸ್ತ್ರ ತರಬೇಕೆಂದಷ್ಟೇ ಮೊದಲು ಬರೆದಿದ್ದೆ. ನನ್ನ ಕರವಸ್ತ್ರ ತಲೆಯ ಮೇಲೆ ಕೂತಿತು, ಆದರೆ ಗುರು ಗ್ರಂಥ ಸಾಹಿಬ್ ಮುಂದೆ ಬಾಗುತ್ತಿದ್ದಂತೆ ಜಾರಿ ನೆಲಕ್ಕೆ ಬಿತ್ತು. ಪಕ್ಕದಲ್ಲಿದ್ದ ಹಿರಿಯ ಸೇವಾದಾರರು ಅದನ್ನು ಎತ್ತಿ, ತ್ರಿಕೋನವಾಗಿ ಮಡಚಿ, ಎರಡು ತುದಿಗಳನ್ನು ಹಿಂದಲೆಯಲ್ಲಿ ಗಂಟು ಹಾಕಲು ನೋಡಿದರು, ತುದಿಗಳು ಮುಟ್ಟಲಿಲ್ಲ. ಅವರೇ ಬುಟ್ಟಿಯಿಂದ ಕಿತ್ತಳೆ ಬಣ್ಣದ ಬಟ್ಟೆ ತಂದು ಕಟ್ಟಿದರು. ಈಗ ಪತ್ರದಲ್ಲಿ "ಹಿಂದೆ ಗಂಟು ಹಾಕುವಷ್ಟು ದೊಡ್ಡ ಬಟ್ಟೆ, ಟೋಪಿ ಬೇಡ" ಎಂದಿದೆ.

ಅಂಗೈ ಜೋಡಿಸಿ ಹಿಡಿದಾಗ ಕಡಾ ಪ್ರಸಾದ ಬಿತ್ತು. ಗೋಧಿಹಿಟ್ಟು, ತುಪ್ಪ, ಸಕ್ಕರೆ. ತುಪ್ಪದ ಬಿಸಿ ಬೆರಳ ಸಂದಿಗೆ ಇಳಿಯಿತು. ಬಂದವರಿಗೆಲ್ಲ ಊಟ ಬಡಿಸುವ ಲಂಗರಿನಲ್ಲಿ ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಉಂಡೆವು. ಊಟ ಸಸ್ಯಾಹಾರ, ಆದ್ದರಿಂದ ಪೋಷಕರಿಗೆ ಆತಂಕವಿರದು ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಮೇಡಂ ದಾಲ್‌ನಲ್ಲಿದ್ದ ಈರುಳ್ಳಿ ತೋರಿಸಿದರು. ನಮ್ಮ ತರಗತಿಯಲ್ಲಿ ನಾಲ್ಕು ಜೈನ ಮಕ್ಕಳಿದ್ದಾರೆ. ಊಟದ ಡಬ್ಬಿ ತರಬಹುದು, ಪಂಕ್ತಿಯ ಹೊರಗೆ ಕೂತು ತಿನ್ನಬಹುದು ಎಂಬ ಸಾಲು ಹೀಗೆ ಹುಟ್ಟಿತು. ನಲವತ್ತು ಜನ ಬರುವ ವಿಷಯವನ್ನು ಮೊದಲೇ ತಿಳಿಸಬೇಕೆಂದು ಸೇವಾದಾರರು ಹೇಳಿದರು.

ಕೊನೆಗೆ ಒಳಬೀದಿಯ ಸಣ್ಣ ಮಸೀದಿ. ಮಧ್ಯಾಹ್ನದ ನಮಾಜ್ ಮುಗಿದಿತ್ತು. ಶುಕ್ರವಾರ ಬರಬೇಡಿ, ನಮಾಜ್ ಮಾಡುತ್ತಿರುವವರ ಮುಂದೆ ಅಡ್ಡ ಹಾಯಬೇಡಿ, ಕಾಲುಚೀಲ ಸ್ವಚ್ಛವಾಗಿರಲಿ ಎಂದು ಇಮಾಮರು ಹೇಳಿದರು. ಹುಡುಗಿಯರು ಒಳಗೆ ಬರಬಹುದೇ ಎಂದು ಮೇಡಂ ನೇರವಾಗಿ ಕೇಳಿದರು. ಇಲ್ಲಿ ಹೆಂಗಸರಿಗೆ ಪ್ರತ್ಯೇಕ ಜಾಗವಿಲ್ಲ, ಆದರೆ ನಮಾಜಿಲ್ಲದ ಹೊತ್ತಿನಲ್ಲಿ ಮಕ್ಕಳು ಎಲ್ಲರೂ ಬಂದು ಮೆಕ್ಕಾದ ದಿಕ್ಕು ತೋರಿಸುವ ಗೋಡೆಯ ಗೂಡಾದ ಮಿಹ್ರಾಬ್ ನೋಡಲಿ ಎಂದರು. ಎಲ್ಲ ಮಸೀದಿಗಳಲ್ಲೂ ಹೀಗಿರುವುದಿಲ್ಲ. ಮೊದಲೇ ಕೇಳದೆ ಹೋಗಿದ್ದರೆ ಅರ್ಧ ತರಗತಿ ಬಾಗಿಲಲ್ಲೇ ನಿಲ್ಲುವಂತಾಗುತ್ತಿತ್ತೇನೋ.

ಸಂಜೆ ಮೆಟ್ರೊದಲ್ಲಿ ಪತ್ರದ ಮೊದಲ ಪ್ಯಾರಾ ಬರೆದೆ. ಮಾನ್ಯತೆ ಪಡೆದ ಶಾಲೆಯು ತನ್ನಲ್ಲಿ ನಡೆಸುವ ಧಾರ್ಮಿಕ ಬೋಧನೆಗೋ ಪೂಜೆಗೋ ಅಪ್ರಾಪ್ತ ಮಕ್ಕಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಒಳಪಡಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28(3)ನೇ ವಿಧಿ. ಹೊರಗಿನ ಭೇಟಿಯ ಬಗ್ಗೆ ಅದು ಮಾತನಾಡುವುದಿಲ್ಲ, ಆದರೂ ಅದರ ಆಶಯವನ್ನು ನಾನು ಪಾಲಿಸಬೇಕು. ಹಾಗಾಗಿ ಪತ್ರ ಹೀಗೆ ಆರಂಭವಾಗುತ್ತದೆ: "ಮಕ್ಕಳು ನೋಡಲು, ಕೇಳಲು, ಪ್ರಶ್ನಿಸಲು ಬರುತ್ತಾರೆ. ಪ್ರಾರ್ಥಿಸುವಂತೆ ಯಾರೂ ಅವರಿಗೆ ಹೇಳುವುದಿಲ್ಲ." ಕೆಳಗೆ ಸಹಿಯ ಜಾಗದಲ್ಲಿ ಹೌದು, ಇಲ್ಲ ಎಂಬ ಎರಡೇ ಆಯ್ಕೆ ಇತ್ತು. ಅದನ್ನು ಹೊಡೆದುಹಾಕಿ ನಾಲ್ಕೂ ಸ್ಥಳಗಳ ಮುಂದೆ ಒಂದೊಂದು ಚೌಕ ಬರೆದೆ. ಒಂದಕ್ಕೆ ಬೇಡ ಎನ್ನುವವರ ಮಗು ಉಳಿದ ಮೂರಕ್ಕಾದರೂ ಬರಲಿ.