ಪಂಚಾಯಿತಿಯ ಸೌರ ಬೀದಿದೀಪ: ಪುಷ್ಯ ಮಳೆಯನ್ನು ಮುಂದಿಟ್ಟುಕೊಂಡು ಮಾಡಿದ ಲೆಕ್ಕ

ಕಲಘಟಗಿ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಗೆ ಸೌರ ಬೀದಿದೀಪಗಳನ್ನು ಆರಿಸುವ ಕೆಲಸ ಈಗ ಖರೀದಿಯ ಹಂತಕ್ಕೆ ಬಂದಿದೆ. ಊರೊಳಗಿನ ಓಣಿಗಳಲ್ಲಿ ಹೆಸ್ಕಾಂ ಕಂಬ ಮತ್ತು ತಂತಿ ಇರುವುದರಿಂದ ಅಲ್ಲಿ ಸಾಮಾನ್ಯ ಎಲ್‌ಇಡಿ ದೀಪವೇ ಅಗ್ಗವೂ ನೆಮ್ಮದಿಯೂ ಆದದ್ದು. ಅದನ್ನು ತೆಗೆದು ಸೌರದೀಪ ಹಾಕುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ತಂತಿ ತಲುಪದ ಕೆರೆ ದಂಡೆಯ ರಸ್ತೆ, ಸ್ಮಶಾನದ ದಾರಿ ಮತ್ತು ಊರಾಚೆಯ ಹೊಸ ಪ್ಲಾಟುಗಳಿಗೆ ಮಾತ್ರ ಸೌರದೀಪವೆಂದು ಗ್ರಾಮಸಭೆಯಲ್ಲಿ ಒಪ್ಪಲಾಯಿತು.

ನಮ್ಮ ಸೀಮೆ ಅರೆಮಲೆನಾಡು. ಮಾರ್ಚ್ ತಿಂಗಳಲ್ಲಿ ತೋರಿಸಿದರೆ ಇಲ್ಲಿ ಎಂಥ ದೀಪವೂ ಬೆಳಗಿನವರೆಗೆ ಉರಿಯುತ್ತದೆ. ಪುನರ್ವಸು ಮತ್ತು ಪುಷ್ಯ ಮಳೆಗಳು ಜಡಿ ಹಿಡಿದು ವಾರಗಟ್ಟಲೆ ಸೂರ್ಯನ ಮುಖ ಕಾಣದಿರುವ ಜುಲೈ ತಿಂಗಳಲ್ಲಿ ಯಾವುದು ಉರಿಯುತ್ತದೆ ಎಂಬುದೇ ನಮ್ಮ ಪ್ರಶ್ನೆ. ಬ್ಯಾಟರಿ ಮತ್ತು ಪ್ಯಾನೆಲ್ ಎರಡನ್ನೂ ಈ ಪ್ರಶ್ನೆಯಿಂದಲೇ ಅಳೆದಿದ್ದೇವೆ.

ಮೊದಲು ದೀಪದ ಖರ್ಚು. ನಾಲ್ಕು ಮೀಟರ್ ಅಗಲದ ಕಾಂಕ್ರೀಟ್ ರಸ್ತೆಗೆ 12 ವಾಟ್‌ನ ಎಲ್‌ಇಡಿ ಸಾಕು. ಸಂಜೆಯ ಐದು ಗಂಟೆ ಪೂರ್ಣ ಬೆಳಕು, ಜನಸಂಚಾರ ನಿಂತ ಮೇಲೆ ಉಳಿದ ಏಳು ಗಂಟೆ ಅರ್ಧ ಬೆಳಕು ಎಂದಿಟ್ಟುಕೊಂಡರೆ ಒಂದು ರಾತ್ರಿಗೆ 60 ಮತ್ತು 42 ಸೇರಿ 102 ವಾಟ್-ಅವರ್ ಆಗುತ್ತದೆ. ಡ್ರೈವರ್‌ನಲ್ಲಿ ಆಗುವ ನಷ್ಟವನ್ನೂ ಸೇರಿಸಿ 115 ಎಂದು ಹಿಡಿದೆವು. ಬಿಸಿಲೇ ಇಲ್ಲದೆ ಮೂರು ರಾತ್ರಿ ತಾಳಬೇಕೆಂದರೆ 345 ವಾಟ್-ಅವರ್ ಬೇಕು. ಲಿಥಿಯಂ ಫೆರೋ ಫಾಸ್ಫೇಟ್ ಬ್ಯಾಟರಿಯ ಶೇಕಡಾ 90ರಷ್ಟನ್ನು ಬಳಸಬಹುದಾದ್ದರಿಂದ 12.8 ವೋಲ್ಟ್, 30 ಎಎಚ್ ಬ್ಯಾಟರಿ, ಅಂದರೆ 384 ವಾಟ್-ಅವರ್, ಸರಿಯಾಗಿ ಹೊಂದುತ್ತದೆ. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುವುದರಿಂದ ಅದೇ ಕೆಲಸಕ್ಕೆ ಸುಮಾರು 60 ಎಎಚ್ ಬೇಕಾಗುತ್ತದೆ. ಅಷ್ಟು ಭಾರವನ್ನು ಕಂಬದ ಮೇಲೇರಿಸಿ, ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಿಸುವುದು ನಮ್ಮ ಪಂಚಾಯಿತಿಯಿಂದ ಆಗುವ ಮಾತಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಂದ ದರಪಟ್ಟಿಗಳಲ್ಲಿ ಒಂದರಲ್ಲಿ ‘30 ಎಎಚ್ ಲಿಥಿಯಂ’ ಎಂದಷ್ಟೇ ಬರೆದಿತ್ತು, ದರವೂ ಬಹಳ ಕಡಿಮೆಯಿತ್ತು. ವೋಲ್ಟೇಜ್ ಎಷ್ಟೆಂದು ಲಿಖಿತವಾಗಿ ಕೇಳಿದಾಗ 3.2 ವೋಲ್ಟ್ ಎಂಬ ಉತ್ತರ ಬಂದಿತು. ಹಾಗಾದರೆ ಅದರಲ್ಲಿರುವುದು 96 ವಾಟ್-ಅವರ್ ಮಾತ್ರ. ನಮಗೆ ಬೇಕಾದುದರ ಕಾಲು ಭಾಗ. ಪೂರೈಕೆದಾರರು ಸುಳ್ಳು ಹೇಳಿರಲಿಲ್ಲ, ಆದರೆ ನಾವು ಎಎಚ್ ಅನ್ನು ಮಾತ್ರ ಹೋಲಿಸಿದ್ದರೆ ಅವರದ್ದೇ ಅತ್ಯುತ್ತಮ ದರವೆಂದು ತೋರುತ್ತಿತ್ತು. ಅದಕ್ಕಾಗಿ ಷರತ್ತುಗಳಲ್ಲಿ ಬ್ಯಾಟರಿಯ ಸಾಮರ್ಥ್ಯವನ್ನು ವಾಟ್-ಅವರ್ ಲೆಕ್ಕದಲ್ಲೇ ಬರೆಯಬೇಕೆಂದು ಸೇರಿಸಿದ್ದೇವೆ.

ಪ್ಯಾನೆಲ್‌ನ ವಿಷಯದಲ್ಲಿ ಹೆಚ್ಚು ಚರ್ಚೆ ನಡೆಯಿತು. ದೀಪ, ಬ್ಯಾಟರಿ, ಪ್ಯಾನೆಲ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಮಾದರಿ ನೋಡಲು ಚೆಂದ, ಅಳವಡಿಸುವುದೂ ಸುಲಭ. ಸದಸ್ಯರಲ್ಲಿ ಹಲವರಿಗೆ ಅದೇ ಹಿಡಿಸಿತ್ತು. ಆದರೆ ನಮಗೆ ತೋರಿಸಿದ ಮಾದರಿಯಲ್ಲಿ ಪ್ಯಾನೆಲ್ 40 ವಾಟ್‌ನದು. ಜುಲೈನಲ್ಲಿ ದಿನಕ್ಕೆ ಸರಾಸರಿ ಮೂರೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಗುತ್ತದೆಂದೂ, ಧೂಳು, ಕಾವು, ಚಾರ್ಜ್ ಕಂಟ್ರೋಲರ್ ನಷ್ಟಗಳು ಕಳೆದು ಶೇಕಡಾ 65ರಷ್ಟು ಬ್ಯಾಟರಿಗೆ ಸೇರುತ್ತದೆಂದೂ ಹಿಡಿದರೆ ಅದು ದಿನಕ್ಕೆ ಗಳಿಸುವುದು 91 ವಾಟ್-ಅವರ್. ರಾತ್ರಿಯ ಖರ್ಚು 115. ಪ್ರತಿ ದಿನವೂ ಕೊರತೆಯೇ. ಇಂಥ ಕಡೆ ಬ್ಯಾಟರಿ ಎಷ್ಟೇ ದೊಡ್ಡದಿದ್ದರೂ ಕೊರತೆ ಕೆಲವು ದಿನ ಮುಂದೆ ಹೋಗುತ್ತದೆಯೇ ಹೊರತು ತುಂಬಿಬರುವುದಿಲ್ಲ. 75 ವಾಟ್‌ನ ಪ್ಯಾನೆಲ್ ಅದೇ ಲೆಕ್ಕದಲ್ಲಿ 170 ಗಳಿಸುತ್ತದೆ. ಜಡಿಮಳೆಯ ದಿನ ಒಂದೂವರೆ ಗಂಟೆಯ ಬಿಸಿಲಷ್ಟೇ ದಕ್ಕಿದರೂ 73 ಬರುತ್ತದೆ, ಕೊರತೆ 42. ತುಂಬಿದ ಬ್ಯಾಟರಿ ಅಂಥ ಎಂಟು ದಿನಗಳನ್ನು ದಾಟಿಸುತ್ತದೆ. ಹೀಗಾಗಿ ಬಿಡಿ ಪ್ಯಾನೆಲ್ ಇರುವ, 75 ವಾಟ್‌ನ ಮಾದರಿಯನ್ನೇ ಆರಿಸಿದ್ದೇವೆ. ಅದನ್ನು ದಕ್ಷಿಣಕ್ಕೆ ಮುಖಮಾಡಿ ಸುಮಾರು 15 ಡಿಗ್ರಿ ವಾಲಿಸಿ ಕೂರಿಸಬಹುದು. ಒಂದೇ ಪೆಟ್ಟಿಗೆಯ ಮಾದರಿಯಲ್ಲಿ ರಸ್ತೆ ಯಾವ ದಿಕ್ಕಿಗಿದೆಯೋ ಪ್ಯಾನೆಲ್ಲೂ ಅತ್ತಲೇ.

ಕೊರತೆಯಾದಾಗ ದೀಪ ಆರಿಹೋಗುತ್ತದೆಂದೇನೂ ಇಲ್ಲ. ಹಲವು ಕಂಟ್ರೋಲರ್‌ಗಳು ಬೆಳಕನ್ನು ತಾವಾಗಿಯೇ ತಗ್ಗಿಸಿ ಬೆಳಗಿನವರೆಗೆ ಎಳೆಯುತ್ತವೆ. ದೂರದಿಂದ ನೋಡಿದವರಿಗೆ ದೀಪ ಉರಿಯುತ್ತಿದೆ, ರಸ್ತೆಯಲ್ಲಿ ಮಾತ್ರ ಬೆಳಕಿಲ್ಲ. ಇದನ್ನು ತಿಳಿಯಲು ಮಲ್ಟಿಮೀಟರ್ ಸಾಕು. ಮಾದರಿ ದೀಪವನ್ನು ಪಂಚಾಯಿತಿ ಕಚೇರಿಯ ಜಗಲಿಯಲ್ಲಿಟ್ಟು, ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಬಿಚ್ಚಿ ನಡುವೆ ಮೀಟರನ್ನು ಸೇರಿಸಿ ನೋಡಿದೆವು. ಪೂರ್ಣ ಬೆಳಕಿನಲ್ಲಿ 12 ವಾಟ್‌ನ ದೀಪ ಒಂದು ಆ್ಯಂಪಿಯರ್‌ನ ಆಸುಪಾಸಿನಲ್ಲಿ ಎಳೆಯಬೇಕು. ಬೇರೊಂದು ಮಾದರಿಯ ಮೈಮೇಲೆ 30 ವಾಟ್ ಎಂದು ಅಚ್ಚಾಗಿದ್ದರೂ ಮೀಟರಿನ ಮುಳ್ಳು ಮುಕ್ಕಾಲು ಆ್ಯಂಪಿಯರ್ ದಾಟಲಿಲ್ಲ, ಅಂದರೆ ಹತ್ತು ವಾಟ್ ಕೂಡ ಇಲ್ಲ. ಆ ಮಾದರಿಯನ್ನು ಅಲ್ಲಿಗೇ ಕೈಬಿಟ್ಟೆವು. ಬ್ಯಾಟರಿಗೂ ಒಂದು ಪರೀಕ್ಷೆ ಇಟ್ಟಿದ್ದೇವೆ: ಪೂರ್ತಿ ಚಾರ್ಜ್ ಮಾಡಿ, ಪ್ಯಾನೆಲ್‌ನ ತಂತಿ ಬಿಚ್ಚಿ, ಪೂರ್ಣ ಬೆಳಕಿನಲ್ಲೇ ಉರಿಯಲು ಬಿಟ್ಟರೆ ದೀಪ 26 ಗಂಟೆಗೆ ಕಡಿಮೆಯಿಲ್ಲದಂತೆ ಉರಿಯಬೇಕು. 96 ವಾಟ್-ಅವರ್‌ನ ಬ್ಯಾಟರಿ ಏಳು ಗಂಟೆಗೇ ಕೈಚೆಲ್ಲುತ್ತದೆ.

ಕಂಬ ಎತ್ತರವಾದಷ್ಟೂ ಬೆಳಕು ದೂರ ಹರಡುತ್ತದೆಂಬ ವಾದ ಬಂದಿತ್ತು. ಅದು ನಿಜವೇ, ಆದರೆ ಇರುವ ಬೆಳಕೇ ತೆಳುವಾಗಿ ಹರಡುತ್ತದೆ. ಅದೇ ದೀಪವನ್ನು ಐದು ಮೀಟರಿನಿಂದ ಏಳಕ್ಕೆ ಏರಿಸಿದರೆ ಕಂಬದ ಬುಡದಲ್ಲಿ ಬೀಳುವ ಬೆಳಕು ಅರ್ಧಕ್ಕಿಳಿಯುತ್ತದೆ. ಐದು ಮೀಟರ್ ಎತ್ತರ, ಕಂಬದಿಂದ ಕಂಬಕ್ಕೆ ಸುಮಾರು 20 ಮೀಟರ್ ಎಂದು ನಿಶ್ಚಯಿಸಿದೆವು. ಕೆರೆ ದಂಡೆಯ ರಸ್ತೆಯಲ್ಲಿ ಹೊಟ್ಟು, ಮೇವು ಹೇರಿದ ಟ್ರ್ಯಾಕ್ಟರ್‌ಗಳು ಓಡಾಡುವುದರಿಂದ ಕಂಬವನ್ನು ಗಟಾರದ ಆಚೆ ಬದಿಗೆ ಸರಿಸಿ, ದೀಪದ ತೋಳನ್ನು ಗಿಡ್ಡಗೊಳಿಸಲಾಗಿದೆ. ಪ್ರತಿ ಜಾಗದಲ್ಲೂ ಬೆಳಗ್ಗೆ ಒಂಬತ್ತಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ನಿಂತು ಹುಣಸೆ, ಬೇವಿನ ಮರಗಳ ನೆರಳು ಎಲ್ಲಿಗೆ ಬೀಳುತ್ತದೆಂದು ನೋಡಿದ್ದೇವೆ, ಏಕೆಂದರೆ ಒಂದು ಟೊಂಗೆಯ ನೆರಳು ಪ್ಯಾನೆಲ್‌ನ ಮೂಲೆಗೆ ಬಿದ್ದರೂ ಗಳಿಕೆ ಆ ಮೂಲೆಯಷ್ಟೇ ಅಲ್ಲ, ಅದಕ್ಕಿಂತ ಬಹಳ ಹೆಚ್ಚು ಕುಸಿಯುತ್ತದೆ. ಎರಡು ಕಂಬಗಳ ಜಾಗ ಇದರಿಂದಲೇ ಬದಲಾಯಿತು.

ವರ್ಷದ ನಿರ್ವಹಣೆಯನ್ನು ನೀರುಗಂಟಿಗೆ ವಹಿಸಲು ಪಿಡಿಒ ಅವರು ಒಪ್ಪಿದ್ದಾರೆ; ಅದಕ್ಕೆ ಪ್ರತ್ಯೇಕ ಭತ್ಯೆ ಕೊಡಬೇಕೆಂಬ ನನ್ನ ಕೋರಿಕೆ ಮುಂದಿನ ಸಭೆಗೆ ಬರಲಿದೆ. ಸುಗ್ಗಿಯಿಂದ ಮುಂಗಾರಿನವರೆಗೆ ಧೂಳು ಹೆಚ್ಚಾದ್ದರಿಂದ ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಬಿದಿರ ಗಳಕ್ಕೆ ಕಟ್ಟಿದ ಮೆದು ಬ್ರಷ್‌ನಿಂದ, ಬಿಸಿಲೇರುವ ಮುನ್ನ ಪ್ಯಾನೆಲ್ ತೊಳೆಯಬೇಕು. ಐದು ಮೀಟರ್ ಕಂಬಕ್ಕೆ ಏಣಿಯೂ ಬೇಡ. ಮೇ ಕೊನೆಯಲ್ಲಿ ಬೋಲ್ಟ್‌ಗಳನ್ನು ಬಿಗಿಮಾಡಿ, ಬ್ಯಾಟರಿ ಪೆಟ್ಟಿಗೆಯ ರಬ್ಬರ್ ನೋಡಿ, ಟೊಂಗೆ ಸವರಬೇಕು. ಮಳೆಗಾಲದಲ್ಲಿ ಬೆಳಗಿನ ಜಾವ ಬ್ಯಾಟರಿಯ ವೋಲ್ಟೇಜನ್ನು ತಿಂಗಳಿಗೊಮ್ಮೆ ಬರೆದಿಡಬೇಕು. ಒಂದು ಕಂಬದ್ದು ಮಾತ್ರ ಉಳಿದವಕ್ಕಿಂತ ತಗ್ಗಿದ್ದರೆ ಅಲ್ಲಿ ನೆರಳೋ, ಸಡಿಲ ತಂತಿಯೋ, ಸೋತ ಸೆಲ್ಲೋ ಇದೆ ಎಂದೇ ಅರ್ಥ.

ಬ್ಯಾಟರಿ ಏಳು ವರ್ಷ ಬಾಳುತ್ತದೆಂದು ಹಿಡಿದು, ನಮಗೆ ಬಂದ 5,600 ರೂಪಾಯಿ ದರದಂತೆ ಕಂಬವೊಂದಕ್ಕೆ ವರ್ಷಕ್ಕೆ 800 ರೂಪಾಯಿಯನ್ನು ಬೇರೆಯಾಗಿಯೇ ತೆಗೆದಿಡಬೇಕೆಂದು ಠರಾವಿನ ಕರಡಿನಲ್ಲಿ ಬರೆದಿದ್ದೇನೆ. ಈಗ ಕೆರೆ ದಂಡೆಯಲ್ಲಿ ಎರಡು ಕಂಬಗಳ ಗುಂಡಿ ತೋಡಿ ಕಾಂಕ್ರೀಟ್ ಹಾಕಿಯಾಗಿದೆ. ಆ ಎರಡೂ ಪುಷ್ಯ ಮಳೆಯನ್ನು ದಾಟಿದ ಮೇಲೆಯೇ ಉಳಿದವುಗಳಿಗೆ ಕಾರ್ಯಾದೇಶ ಕೊಡಲಾಗುವುದು. ಆಗಿನ ವೋಲ್ಟೇಜ್ ದಾಖಲೆಯನ್ನು ಮುಂದಿನ ವರದಿಯಲ್ಲಿ ಪೂರ್ಣವಾಗಿ ಕೊಡುತ್ತೇನೆ.