ಏಳೋ ಎಂಟೋ? ಅಶ್‌ಅರಿ, ಮಾತುರೀದಿ ನಡುವಿನ ಒಂದು ಗುಣದ ಅಂತರ

"ಅಶ್‌ಅರಿಗಳೂ ಸುನ್ನಿಗಳೇ, ಮಾತುರೀದಿಗಳೂ ಸುನ್ನಿಗಳೇ. ಮತ್ತೆ ಅಲ್ಲಾಹನ ಗುಣಗಳು ಒಬ್ಬರಿಗೆ ಏಳು, ಇನ್ನೊಬ್ಬರಿಗೆ ಎಂಟು ಹೇಗಾದವು?"

ಅಶ್‌ಅರಿ, ಮಾತುರೀದಿ ಎಂಬುವು ಸುನ್ನಿಗಳ ನಂಬಿಕೆಗಳನ್ನು ವಿವರಿಸುವ ಎರಡು ಪಂಥಗಳು. ಎಂಟನೆಯ ಗುಣದ ಹೆಸರು ತಕ್‌ವೀನ್. ಇಲ್ಲದ್ದನ್ನು ಇರುವಂತೆ ಮಾಡುವುದು ಎಂದು ಅದರ ಅರ್ಥ. ಮಾತುರೀದಿಗಳ ಪ್ರಕಾರ ಇದು ಅಲ್ಲಾಹನಲ್ಲಿ ಅನಾದಿಯಿಂದ ಇರುವ ಪ್ರತ್ಯೇಕ ಗುಣ. ಅಶ್‌ಅರಿಗಳು ಇದನ್ನು ಪ್ರತ್ಯೇಕವಾಗಿ ಎಣಿಸುವುದಿಲ್ಲ, ಅವನ ಶಕ್ತಿ ಎಂಬ ಗುಣ ಕೆಲಸಕ್ಕೆ ಬಂದದ್ದಕ್ಕೇ ಈ ಹೆಸರು ಎನ್ನುತ್ತಾರೆ.

ಮೊದಲು ಇಬ್ಬರೂ ಒಪ್ಪುವ ಏಳನ್ನು ನೋಡೋಣ: ಹಯಾತ್ (ಜೀವ), ಇಲ್ಮ್ (ಅರಿವು), ಇರಾದತ್ (ಇಚ್ಛೆ), ಕುದ್ರತ್ (ಶಕ್ತಿ), ಸಮ್‌ಅ (ಕೇಳುವಿಕೆ), ಬಸರ್ (ಕಾಣುವಿಕೆ), ಕಲಾಮ್ (ಮಾತು). ಅಲ್ಲಾಹನಿಗೆ ಇಷ್ಟೇ ಗುಣಗಳು ಎಂದು ಇದರರ್ಥವಲ್ಲ. ಅವನ ಅಸ್ತಿತ್ವಕ್ಕೆ ಆರಂಭವಿಲ್ಲ, ಕೊನೆಯಿಲ್ಲ, ಅವನಿಗೆ ಸಾಟಿಯಿಲ್ಲ ಎಂಬುದನ್ನೆಲ್ಲ ಬೇರೆಯಾಗಿ ಕಲಿಸುತ್ತಾರೆ. ಈ ಏಳು ಅವನಲ್ಲಿ ನಿಜವಾಗಿ ನೆಲೆಸಿರುವ, ಅನಾದಿಯಾದ ಗುಣಗಳು. ಅವು ಅವನೇ ಅಲ್ಲ, ಅವನಿಂದ ಬೇರೆಯೂ ಅಲ್ಲ ಎಂಬುದು ಎರಡೂ ಪಂಥಗಳ ಮಾತು. ಅಲ್ಲಾಹನು ತನ್ನ ಸತ್ತೆಯಿಂದಲೇ ಬಲ್ಲ, ಅರಿವು ಎಂಬ ಬೇರೆ ಗುಣ ಬೇಕಿಲ್ಲ ಎನ್ನುತ್ತಿದ್ದ ಮುಅ್‌ತಜಿಲಿಗಳಿಗೆ ಎದುರಾಗಿ ಇಬ್ಬರೂ ಒಂದೇ ಕಡೆ ನಿಂತರು. ಅಬುಲ್ ಹಸನ್ ಅಲ್ ಅಶ್‌ಅರಿ ಬಸ್ರಾದವರು, ಸುಮಾರು ನಲವತ್ತು ವರ್ಷದವರೆಗೆ ಸ್ವತಃ ಮುಅ್‌ತಜಿಲಿಯಾಗಿದ್ದು ಆಮೇಲೆ ಅದನ್ನು ಬಿಟ್ಟುಬಂದವರು. ಅಬೂ ಮನ್ಸೂರ್ ಅಲ್ ಮಾತುರೀದಿ ದೂರದ ಸಮರ್‌ಖಂದದಲ್ಲಿ ಇಮಾಮ್ ಅಬೂ ಹನೀಫಾರ ಪರಂಪರೆಯಲ್ಲಿ ಬೆಳೆದವರು, 944ರಲ್ಲಿ ತೀರಿಕೊಂಡರು. ಧರ್ಮಶಾಸ್ತ್ರದಲ್ಲಿ ಅಬೂ ಹನೀಫಾರನ್ನು ಅನುಸರಿಸುವ ಹನಫಿಗಳಲ್ಲಿ ಹೆಚ್ಚಿನವರು ಮಾತುರೀದಿಗಳಾದರು, ಇಮಾಮ್ ಶಾಫಿಈಯವರನ್ನು ಅನುಸರಿಸುವ ಶಾಫಿಈಗಳಲ್ಲಿ ಹೆಚ್ಚಿನವರು ಅಶ್‌ಅರಿಗಳಾದರು. ನಮ್ಮಲ್ಲೂ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈಗಳು. ಘಟ್ಟದ ಮೇಲಿನ ಉರ್ದು ಮಾತಾಡುವವರು ಬಹುಪಾಲು ಹನಫಿಗಳು. ಒಂದೇ ರಾಜ್ಯದ ಎರಡು ಮದರಸಾಗಳಲ್ಲಿ ಎರಡು ಲೆಕ್ಕ ಕೇಳಿಬರಲು ಇದು ಕಾರಣ.

ಇನ್ನು ಅಂತರ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಒಂದು ಕೋಳಿಮರಿಯನ್ನು ತೆಗೆದುಕೊಳ್ಳೋಣ. ಇಂದು ಬೆಳಿಗ್ಗೆ ಅದು ಮೊಟ್ಟೆಯೊಡೆದು ಹೊರಬಂತು. ನಿನ್ನೆ ಅದು ಹೀಗೆ ಇರಲಿಲ್ಲ, ಒಂದು ವರ್ಷದ ಹಿಂದೆ ಇರಲೇ ಇಲ್ಲ.

ಅಶ್‌ಅರಿ ವಿವರಣೆ ಹೀಗಿದೆ. ಈ ಮರಿ ಹುಟ್ಟುತ್ತದೆ ಎಂಬುದು ಅಲ್ಲಾಹನ ಅರಿವಿನಲ್ಲಿ ಅನಾದಿಯಿಂದಲೂ ಇದೆ. ಹಳದಿಯೋ ಕಪ್ಪೋ, ಇಂದೋ ನಾಳೆಯೋ ಎಂಬ ಹಲವು ಸಾಧ್ಯತೆಗಳಲ್ಲಿ ಒಂದನ್ನು ನಿಶ್ಚಯಿಸಿದ್ದು ಇಚ್ಛೆ. ನಿಶ್ಚಯಿಸಿದ್ದನ್ನು ಇರುವಿಕೆಗೆ ತಂದದ್ದು ಶಕ್ತಿ. ಶಕ್ತಿಗೆ ಈ ಮರಿಯ ಜೊತೆ ಎರಡು ಸಂಬಂಧಗಳಿವೆ. ಅದನ್ನು ಉಂಟುಮಾಡಬಲ್ಲದು ಎಂಬ ಸಂಬಂಧ ಅನಾದಿಯಾದದ್ದು. ಉಂಟುಮಾಡಿತು ಎಂಬ ಸಂಬಂಧ ಇಂದು ಬೆಳಗಿನದು. 'ಸೃಷ್ಟಿಸಿದ', 'ಅನ್ನ ಕೊಟ್ಟ', 'ಜೀವ ಕೊಟ್ಟ' ಎಂಬ ಮಾತುಗಳೆಲ್ಲ ಈ ಎರಡನೆಯ ಸಂಬಂಧದ ಹೆಸರುಗಳು. ಹಾಗಾಗಿ ಅವರು ಇವನ್ನು ಕ್ರಿಯಾಗುಣಗಳು ಎಂದು ಕರೆದು, ಇವು ಹೊಸತಾಗಿ ಉಂಟಾಗುವಂಥವು ಎನ್ನುತ್ತಾರೆ.

ಹೊಸಬರು ಎಡವುವುದು ಇಲ್ಲೇ. 'ಕ್ರಿಯಾಗುಣಗಳು ಹೊಸತು' ಎಂದು ಓದಿದ ಕೂಡಲೇ ಅಲ್ಲಾಹನಲ್ಲಿ ಏನೋ ಹೊಸತು ಸೇರಿಕೊಂಡಿತು ಎಂದುಕೊಳ್ಳುತ್ತಾರೆ. ಅಶ್‌ಅರಿಗಳು ಅದನ್ನು ಖಡಾಖಂಡಿತವಾಗಿ ನಿರಾಕರಿಸುತ್ತಾರೆ. ಹೊಸತಾದದ್ದು ಮರಿ, ಮತ್ತು ಮರಿಗೂ ಶಕ್ತಿಗೂ ನಡುವಿನ ಸಂಬಂಧ. ಅಲ್ಲಾಹನ ಸತ್ತೆಯಲ್ಲಿ ಹೊಸತೇನೂ ಇಲ್ಲ. ಯಾವ ಪುಸ್ತಕ ಓದುವಾಗಲೂ 'ಹೊಸತು' ಎಂಬ ಪದ ಬಂದಲ್ಲಿ ನಿಂತು, ಹೊಸತಾಗಿದ್ದು ಯಾವುದು ಎಂದು ಕೇಳಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಮಾತುರೀದಿಗಳಿಗೆ ಈ ಉತ್ತರ ಸಾಲುವುದಿಲ್ಲ. ಕುರ್‌ಆನಿನ 59ನೇ ಅಧ್ಯಾಯದ 24ನೇ ವಚನ ಅಲ್ಲಾಹನನ್ನು ಖಾಲಿಕ್, ಅಂದರೆ ಸೃಷ್ಟಿಕರ್ತ, ಎಂದು ಕರೆಯುತ್ತದೆ. ಅವನ ಮಾತು ಅನಾದಿ. ಹಾಗಾದರೆ ಅವನು ಅನಾದಿಯಿಂದಲೇ ಸೃಷ್ಟಿಕರ್ತ ಆಗಿರಬೇಕು. ಕೋಳಿಮರಿ ಹುಟ್ಟಿದ ಮೇಲೆ ಆ ಹೆಸರು ಅವನಿಗೆ ಬಂತು ಎನ್ನಲಾಗದು. ಅವರ ಲೆಕ್ಕದಲ್ಲಿ ಶಕ್ತಿಯ ಕೆಲಸ ಮರಿ ಹುಟ್ಟುವುದನ್ನು ಸಾಧ್ಯವಾಗಿಸುವುದು, ಇಚ್ಛೆಯ ಕೆಲಸ ಆರಿಸುವುದು, ಉಂಟುಮಾಡುವ ಕೆಲಸ ತಕ್‌ವೀನ್‌ನದು. ಅನ್ನ ಕೊಡುವುದು, ಬದುಕಿಸುವುದು, ಸಾಯಿಸುವುದು ಎಲ್ಲವೂ ಈ ಒಂದೇ ಗುಣದ ಬೇರೆ ಬೇರೆ ಹೆಸರುಗಳು ಎಂದು ಅವರಲ್ಲಿ ಹೆಚ್ಚಿನವರು ಹೇಳುತ್ತಾರೆ.

ಅಶ್‌ಅರಿಗಳ ಆಕ್ಷೇಪ ತಕ್ಷಣ ಬರುತ್ತದೆ: ಹೊಡೆತ ಇದ್ದಲ್ಲಿ ಹೊಡೆಸಿಕೊಂಡವನೂ ಇರಬೇಕಲ್ಲವೇ? ಉಂಟುಮಾಡುವಿಕೆ ಅನಾದಿಯಾದರೆ ಉಂಟಾದ ಲೋಕವೂ ಅನಾದಿಯಾಗಿಬಿಡುವುದಿಲ್ಲವೇ? ಮಾತುರೀದಿಗಳ ಉತ್ತರ: ಇಲ್ಲ. ಮನುಷ್ಯನ ಹೊಡೆತ ಕ್ಷಣಿಕ, ಆ ಕ್ಷಣ ಕಳೆದರೆ ಉಳಿಯದು, ಅದಕ್ಕೇ ಹೊಡೆಸಿಕೊಳ್ಳುವವನು ಆಗಲೇ ಎದುರಿಗಿರಬೇಕು. ತಕ್‌ವೀನ್ ಅಳಿಯದ ಗುಣ. ಪ್ರತಿಯೊಂದನ್ನೂ ಅದರದರ ಹೊತ್ತಿಗೆ ಉಂಟುಮಾಡುವುದೇ ಅದರ ರೀತಿ. ಗುಣ ಅನಾದಿ, ಮರಿ ಇಂದಿನದು. ಮಾತುರೀದಿಗಳು ಲೋಕವನ್ನು ಅನಾದಿ ಎನ್ನುತ್ತಾರೆಂದು ಯಾರಾದರೂ ಬರೆದಿದ್ದರೆ ಅದು ತಪ್ಪು. ಅವರು ತಿರುಗಿ ಕೇಳುವ ಪ್ರಶ್ನೆಯೂ ಗಟ್ಟಿಯಾದದ್ದು: ಉಂಟುಮಾಡುವಿಕೆಯೂ ಉಂಟಾದದ್ದೂ ಒಂದೇ ಎಂದು ಹಳೆಯ ಅಶ್‌ಅರಿಗಳು ಹೇಳುವುದಾದರೆ, ಮರಿ ತನ್ನನ್ನು ತಾನೇ ಉಂಟುಮಾಡಿಕೊಂಡಂತೆ ಆಗುವುದಿಲ್ಲವೇ?

ಅಶ್‌ಅರಿಯಾದ ಇಮಾಮ್ ಗಜಾಲಿ (ನಿಧನ 1111) ಹೆಸರಿನ ತೊಡಕನ್ನು ಒಂದು ಹೋಲಿಕೆಯಿಂದ ಬಿಡಿಸಿದರು. ಒರೆಯಲ್ಲಿರುವ ಕತ್ತಿಯನ್ನೂ ಕಡಿಯುವ ಕತ್ತಿ ಎನ್ನುತ್ತೇವೆ, ಹೂಜಿಯಲ್ಲಿರುವ ನೀರನ್ನೂ ಬಾಯಾರಿಕೆ ತಣಿಸುವ ನೀರು ಎನ್ನುತ್ತೇವೆ. ಕಡಿಯುವಾಗ ಆ ಹೆಸರು ನಡೆದುಬಂದ ಕೆಲಸಕ್ಕೆ, ಒರೆಯಲ್ಲಿದ್ದಾಗ ಅದರಲ್ಲಿರುವ ಸಾಮರ್ಥ್ಯಕ್ಕೆ. ಅಲ್ಲಾಹನು ಅನಾದಿಯಿಂದ ಸೃಷ್ಟಿಕರ್ತ ಎನ್ನುವುದು ಈ ಎರಡನೆಯ ಅರ್ಥದಲ್ಲಿ ಸರಿ. ನನಗೆ ಕಾಣುವಂತೆ ಈ ಹೋಲಿಕೆಯ ಮುಂದೆ ಉಳಿಯುವ ಅಂತರ ಬಹಳ ಸಣ್ಣದು: ಆ ಸಾಮರ್ಥ್ಯವನ್ನು ಶಕ್ತಿ ಎಂಬ ಗುಣದಲ್ಲೇ ಸೇರಿಸಬೇಕೋ, ಬೇರೆ ಗುಣವಾಗಿ ಎಣಿಸಬೇಕೋ ಎಂಬಷ್ಟೇ. ಕುರ್‌ಆನಿನಲ್ಲಿ ಬರುವ ಅಲ್ಲಾಹನ 'ಕೈ', 'ಮುಖ' ಮುಂತಾದ ಪದಗಳ ವಿಷಯದಲ್ಲಂತೂ ಇವರ ನಡುವೆ ಗಡಿಗೆರೆಯೇ ಇಲ್ಲ. ಅಂಗಾಂಗಗಳ ಅರ್ಥವನ್ನು ಇಬ್ಬರೂ ತಳ್ಳಿಹಾಕುತ್ತಾರೆ. ಅರ್ಥವನ್ನು ಅಲ್ಲಾಹನಿಗೇ ಬಿಡುವವರೂ ತಕ್ಕ ಅರ್ಥ ಹೇಳುವವರೂ ಎರಡೂ ಕಡೆ ಇದ್ದಾರೆ.

ಓದುವಾಗ ಒಂದು ಕಡೆ ಎಚ್ಚರ ಬೇಕು. ನಮ್ಮ ದೇಶದ ಮದರಸಾಗಳಲ್ಲಿ ಪಾಠವಾಗುವ ಪುಸ್ತಕಗಳಲ್ಲಿ ಒಂದು, ಉಮರ್ ನಸಫಿ (ನಿಧನ 1142) ಬರೆದ ಅಖೀದಾ ಎಂಬ ನಂಬಿಕೆಗಳ ಪುಸ್ತಕಕ್ಕೆ ತಫ್ತಾಜಾನಿ (ನಿಧನ 1390) ಬರೆದ ವ್ಯಾಖ್ಯಾನ. ಮೂಲ ಪುಸ್ತಕ ಮಾತುರೀದಿ ಪಂಥದ್ದು, ತಕ್‌ವೀನ್ ಅನಾದಿ ಗುಣ ಎಂದು ನೇರವಾಗಿ ಹೇಳುತ್ತದೆ. ವ್ಯಾಖ್ಯಾನಕಾರರು ಆ ಮಾತನ್ನು ವಿವರಿಸಿ, ಅದರ ವಾದಗಳನ್ನು ಕೊಟ್ಟು, ಕೊನೆಗೆ ಅದು ಸಂಬಂಧ ಮಾತ್ರ ಎಂಬ ಕಡೆಗೆ ವಾಲುತ್ತಾರೆ. ಒಂದೇ ಪುಟದಲ್ಲಿ ಎರಡು ಪಂಥಗಳ ದನಿ ಇರುತ್ತದೆ. ಯಾವ ಸಾಲು ಮೂಲದ್ದು, ಯಾವುದು ವ್ಯಾಖ್ಯಾನದ್ದು ಎಂದು ಬೇರ್ಪಡಿಸಿಕೊಳ್ಳದೆ ಓದಿದರೆ ಮಾತುರೀದಿಗಳೇ ತಕ್‌ವೀನನ್ನು ನಿರಾಕರಿಸುತ್ತಾರೆ ಎಂಬ ಟಿಪ್ಪಣಿ ನೋಟ್‌ಬುಕ್ಕಿಗೆ ಇಳಿದುಬಿಡುತ್ತದೆ. ಪಂಥದ ಒಳಗಿನಿಂದಲೇ ಹಾಗೆ ಹೇಳಿದವರೂ ಇಲ್ಲದಿಲ್ಲ. ಹದಿನೈದನೇ ಶತಮಾನದ ಹನಫಿ ವಿದ್ವಾಂಸ ಇಬ್ನುಲ್ ಹುಮಾಮ್, ತಕ್‌ವೀನನ್ನು ಶಕ್ತಿಯಿಂದ ಬೇರೆಯಾದ ಗುಣವೆಂದು ಎಣಿಸಲು ಸಾಕಷ್ಟು ಆಧಾರವಿಲ್ಲ ಎಂದರು, ಹಾಗೆ ಹೇಳಿಯೂ ಹನಫಿಯಾಗಿಯೇ ಉಳಿದರು.