ಗಾಯದ ಸ್ಲೈಡನ್ನು ಮೇಲಿಂದ ಕೆಳಕ್ಕೆ ಓದಿ

"ಮೇಡಂ, ಪುಸ್ತಕದಲ್ಲಿ ಮೊದಲು ಉರಿಯೂತ, ಆಮೇಲೆ ಗ್ರ್ಯಾನ್ಯುಲೇಶನ್, ಆಮೇಲೆ ಕಲೆ ಅಂತ ಒಂದೊಂದಾಗಿ ಬರೆದಿದೆ. ಸ್ಲೈಡ್‌ನಲ್ಲಿ ನೋಡಿದ್ರೆ ಎಲ್ಲಾ ಒಟ್ಟಿಗೇ ಇದೆ. ಇದು ಯಾವ ಹಂತ ಅಂತ ಹೇಗೆ ಹೇಳೋದು?"

ದಾವಣಗೆರೆಯಲ್ಲಿ ನರ್ಸಿಂಗ್ ಓದುವ ಮಕ್ಕಳು ಲ್ಯಾಬಿಗೆ ಬಂದಾಗಲೆಲ್ಲ ಇದನ್ನೇ ಕೇಳುತ್ತಾರೆ. ನೀವು ಕಂಡಿದ್ದು ಸರಿಯಾಗೇ ಇದೆ. ಪುಸ್ತಕದ ಆ ಲೆಕ್ಕ ಹೊಲಿಗೆ ಹಾಕಿದ ಶುದ್ಧ ಗಾಯದ್ದು. ಅಲ್ಲಿ ಮೊದಲ ದಿನ ನ್ಯೂಟ್ರೋಫಿಲ್ ಬರುತ್ತವೆ, 3ನೇ ದಿನದ ಹೊತ್ತಿಗೆ ಅವುಗಳ ಜಾಗಕ್ಕೆ ಮ್ಯಾಕ್ರೋಫೇಜ್ ಬರುತ್ತವೆ, 5ನೇ ದಿನಕ್ಕೆ ಗ್ರ್ಯಾನ್ಯುಲೇಶನ್ ತುಂಬಿಕೊಳ್ಳುತ್ತದೆ, ತಿಂಗಳಾಗುವಷ್ಟರಲ್ಲಿ ಕಲೆ. ಆದರೆ ಲ್ಯಾಬಿಗೆ ಬರುವ ಸ್ಲೈಡ್ ಹೆಚ್ಚಾಗಿ ತೆರೆದ ಹುಣ್ಣಿನದು. ಅದರಲ್ಲಿ ಹಂತಗಳು ಒಂದರ ಮೇಲೊಂದು ಪದರವಾಗಿ ಕೂತಿರುತ್ತವೆ. ಹೊಸದು ಮೇಲೆ, ಹಳೆಯದು ಕೆಳಗೆ.

ಒಂದು ಉದಾಹರಣೆ ತಗೊಳ್ಳೋಣ. ಸಕ್ಕರೆ ಕಾಯಿಲೆ ಇರುವ ರೈತರೊಬ್ಬರಿಗೆ ಮೆಕ್ಕೆಜೋಳದ ಕೂಳೆ ಪಾದಕ್ಕೆ ಚುಚ್ಚಿದೆ. ಪಾದಕ್ಕೆ ಸ್ಪರ್ಶವೇ ಕಡಿಮೆ, ಹಾಗಾಗಿ ನೋವು ಗೊತ್ತಾಗಿಲ್ಲ. ಒಂದೂವರೆ ತಿಂಗಳಾದರೂ ಹುಣ್ಣು ಮಾಗಿಲ್ಲ. ಸರ್ಜನ್ ಅಂಚಿನಿಂದ ಒಂದು ಚೂರು ತೆಗೆದು ಫಾರ್ಮಲಿನ್‌ನಲ್ಲಿ ಹಾಕಿ ಕಳಿಸಿದ್ದಾರೆ. ಅಂಚಿನಿಂದಲೇ ಯಾಕೆ ಅಂದರೆ, ಮಾಗದ ಹುಣ್ಣಿನ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ನಡುವಿನಿಂದ ತೆಗೆದರೆ ಬರೀ ಸತ್ತ ಅಂಗಾಂಶ ಸಿಗಬಹುದು.

ಮೊದಲೇ 40ರ ಲೆನ್ಸ್ ಹಾಕಬೇಡಿ. 4ರಲ್ಲಿ ಮೇಲ್ಮೈ ಎಲ್ಲಿದೆ ಅಂತ ಹುಡುಕಿ. ತೀರಾ ಮೇಲೆ ಆಕಾರವೇ ಇಲ್ಲದ ಗುಲಾಬಿ ಕಸ ಕಾಣುತ್ತದೆ. ಅದು ಫೈಬ್ರಿನ್ ಮತ್ತು ಸತ್ತ ಕೋಶಗಳು, ಡ್ರೆಸ್ಸಿಂಗ್ ಬಿಚ್ಚಿದಾಗ ನೀವು ನೋಡುವ ಹಳದಿ ಪೊರೆ ಅದೇ. ಅದರೊಳಗೆ 40ರಲ್ಲಿ ನೋಡಿದರೆ ನ್ಯೂಕ್ಲಿಯಸ್ ಮೂರ್ನಾಲ್ಕು ಹೋಳಾಗಿರುವ ಸಣ್ಣ ಕೋಶಗಳು ಕಿಕ್ಕಿರಿದಿರುತ್ತವೆ. ಅವೇ ನ್ಯೂಟ್ರೋಫಿಲ್. ಹುಣ್ಣು ತೆರೆದಿರುವಷ್ಟು ದಿನ ಅವು ಇಲ್ಲಿಗೆ ಬರುತ್ತಲೇ ಇರುತ್ತವೆ. ಅವನ್ನು ನೋಡಿದ ಕೂಡಲೇ "ಇದು ಮೊದಲ ದಿನದ ಗಾಯ" ಅಂತ ಬರೆದರೆ ತಪ್ಪಾಗುತ್ತದೆ.

ಸ್ವಲ್ಪ ಕೆಳಗೆ ಇಳಿಯಿರಿ. ಇದೇ ಗ್ರ್ಯಾನ್ಯುಲೇಶನ್, ನನಗೆ ತುಂಬಾ ಇಷ್ಟದ ಪದರ. ಹೊಸ ರಕ್ತನಾಳಗಳು ಹೊಲದಲ್ಲಿ ಎದ್ದು ನಿಂತ ಜೋಳದ ದಂಟಿನ ಹಾಗೆ ಮೇಲ್ಮುಖವಾಗಿ ನಿಂತಿರುತ್ತವೆ. ಅವುಗಳ ಗೋಡೆ ಒಂದೇ ಒಂದು ಸಾಲು ಕೋಶ, ಕೋಶಗಳು ಉಬ್ಬಿಕೊಂಡಿರುತ್ತವೆ. ಗೋಡೆ ಇನ್ನೂ ಬಲಿತಿಲ್ಲ, ಅದಕ್ಕೇ ನೀರು ಸೋರುತ್ತದೆ, ಸುತ್ತಲಿನ ಜಾಗ ಊದಿ ತಿಳಿಯಾಗಿ ಕಾಣುತ್ತದೆ. ನಡುನಡುವೆ ಮ್ಯಾಕ್ರೋಫೇಜ್, ಮತ್ತು ಎರಡೂ ತುದಿ ಚೂಪಾದ ಉದ್ದನೆಯ ಫೈಬ್ರೋಬ್ಲಾಸ್ಟ್. ವಾರ್ಡಿನಲ್ಲಿ ಕೆಂಪಗೆ, ಕಾಳುಕಾಳಾಗಿ ಕಾಣುವುದು ಈ ನಾಳಗಳ ತುದಿ. ಒಣ ಗಾಜ್ ಅಂಟಿಕೊಂಡಿದ್ದಾಗ ಎಳೆದರೆ ಹರಿದುಹೋಗುವುದೂ ಇವೇ. ಅಂಟಿದ್ದರೆ ಸಲೈನ್ ಹಾಕಿ ನೆನೆಸಿ, ಆಮೇಲೆ ಬಿಡಿಸಿ.

ಇನ್ನೂ ಕೆಳಗೆ ಹೋದರೆ ನಾಳಗಳು ಕಡಿಮೆಯಾಗುತ್ತವೆ. ದಟ್ಟ ಗುಲಾಬಿ ಎಳೆಗಳು ಜಾಸ್ತಿಯಾಗುತ್ತವೆ. ಇದು ಕೊಲಾಜನ್, ಅಂದರೆ ಇಲ್ಲಿ ಕಲೆ ಆಗಲೇ ಶುರುವಾಗಿದೆ. ಅಲ್ಲಿ ಕೂದಲ ಬುಡವಾಗಲಿ ಬೆವರು ಗ್ರಂಥಿಯಾಗಲಿ ಹುಡುಕಬೇಡಿ, ಕಲೆಯಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಈಗ ಈ ಹುಣ್ಣು ಯಾಕೆ ಮಾಗಲಿಲ್ಲ ಅಂತ ನೋಡಿ. ನ್ಯೂಟ್ರೋಫಿಲ್‌ಗಳು ಮೇಲಿನ ಕಸದಲ್ಲಷ್ಟೇ ಇದ್ದಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಈ ಸ್ಲೈಡ್‌ನಲ್ಲಿ ಅವು ಕೊಲಾಜನ್‌ವರೆಗೂ ಇಳಿದಿವೆ, ಅಲ್ಲಲ್ಲಿ ಗುಂಪುಗೂಡಿ ಕೀವಾಗಿವೆ. ನಡು ಪದರ ತೆಳ್ಳಗಿದೆ, ನಾಳಗಳು ಬೆರಳೆಣಿಕೆಯಷ್ಟು. ಪಕ್ಕದ ಚರ್ಮದ ಅಂಚು ನೋಡಿ. ಮಾಗುವ ಗಾಯದಲ್ಲಿ ಎಪಿಥೀಲಿಯಂ ತೆಳು ನಾಲಗೆಯಾಗಿ ಗ್ರ್ಯಾನ್ಯುಲೇಶನ್ ಮೇಲೆ ಹರಿದುಬರುತ್ತದೆ. ಇಲ್ಲಿ ಅದು ದಪ್ಪಗೆ ಉಬ್ಬಿ ಅಲ್ಲೇ ನಿಂತಿದೆ. ಕೋಶಗಳು ಕ್ಯಾನ್ಸರಿನಂತೆ ಕೆಟ್ಟಿಲ್ಲ, ಅದು ಸಮಾಧಾನ. ಪರೀಕ್ಷೆಯಲ್ಲಿ ಇಂಥ ಸ್ಲೈಡ್ ಬಂದರೆ ದಿನದ ಲೆಕ್ಕ ಬರೆಯಬೇಡಿ. "ಹಳೆಯ ಹುಣ್ಣು, ಮೇಲೆ ಚುರುಕಾದ ಉರಿಯೂತ, ಕೆಳಗೆ ಮಾಗುವ ಪ್ರಯತ್ನ" ಅಂತ ಬರೆಯಿರಿ.

ಯಾವ ಕ್ರಿಮಿ ಅಂತ ಈ ನೀಲಿ-ಗುಲಾಬಿ ಬಣ್ಣ ಹೇಳುವುದಿಲ್ಲ. ಅದಕ್ಕೆ ಕಲ್ಚರ್ ಬೇಕು, ಸ್ವಾಬ್ ತೆಗೆಯುವವರು ಸಾಮಾನ್ಯವಾಗಿ ನೀವೇ. ಮೇಲಿನ ಹಳದಿ ಪೊರೆಯನ್ನು ಸುಮ್ನೆ ಒರೆಸಿ ಕಳಿಸಿದರೆ ಅಲ್ಲಿ ಸುಮ್ಮನೆ ಕೂತಿರುವ ಕ್ರಿಮಿಗಳ ಹೆಸರು ಬರುತ್ತದೆ. ಮೊದಲು ಸಲೈನ್‌ನಲ್ಲಿ ತೊಳೆಯಿರಿ. ಆಮೇಲೆ ಕೆಂಪಗಿರುವ ಜೀವಂತ ಜಾಗದ ಮೇಲೆ, ಒಂದು ಸೆಂಟಿಮೀಟರ್ ಅಗಲದಷ್ಟರಲ್ಲಿ, ಒಳಗಿನ ನೀರು ಬರುವಂತೆ ಸ್ವಾಬನ್ನು ಒತ್ತಿ ತಿರುಗಿಸಿ. ಆಂಟಿಬಯೋಟಿಕ್ ಶುರುವಾಗುವ ಮುಂಚೆಯೇ ತೆಗೆದರೆ ಒಳ್ಳೆಯದು. ಈಗಾಗಲೇ ಶುರುವಾಗಿದ್ದರೆ ಯಾವ ಔಷಧಿ ಅಂತ ಫಾರ್ಮ್ ಮೇಲೆ ಬರೆದು ಕಳಿಸಿ.